ಬಟವಾಡೆ ಪಟ್ಟಿಗೆ ಎ4 ಹಾಳೆ ಯಾಕೆ ಸಾಲುವುದಿಲ್ಲ?

ಕೋಲಾರ ಜಿಲ್ಲೆಯ ಹಳ್ಳಿಯೊಂದರ ಹಾಲಿನ ಡೈರಿ ಎಂದುಕೊಳ್ಳಿ. ಸದಸ್ಯರು 110 ಮಂದಿ. ಬಟವಾಡೆ ಪಟ್ಟಿ ಎಕ್ಸೆಲ್‌ನಲ್ಲಿದೆ. ಸದಸ್ಯರ ಸಂಖ್ಯೆ, ಹೆಸರು, ಬೆಳಗಿನ ಹಾಲು, ಸಂಜೆ ಹಾಲು, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ, ಪಶು ಆಹಾರದ ಕಡಿತ, ಸಾಲದ ಕಡಿತ, ನಿವ್ವಳ, ಸಹಿ ಎಂದು ಒಟ್ಟು 12 ಕಾಲಂ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪ್ರಿಂಟ್ ಕೊಟ್ಟರೆ ಮಾತ್ರ ನಿವ್ವಳ ಮತ್ತು ಸಹಿಯ ಕಾಲಂಗಳು ಬೇರೆ ಹಾಳೆಗೆ ಹೋಗಿ ಕೂರುತ್ತವೆ. ಯಾರ ಹಣಕ್ಕೆ ಯಾರ ಸಹಿ ಎಂದು ತಿಳಿಯಲು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಇದಕ್ಕೆ ಕಾರಣ ಹುಡುಕಲು ಒಂದು ಅಳತೆಪಟ್ಟಿ ಸಾಕು. ಎ4 ಹಾಳೆಯ ಅಗಲ 210 ಮಿಮೀ, ಉದ್ದ 297 ಮಿಮೀ. ಎಕ್ಸೆಲ್ ತಾನಾಗಿಯೇ ಎಡಕ್ಕೂ ಬಲಕ್ಕೂ 0.7 ಇಂಚು, ಅಂದರೆ ತಲಾ 17.8 ಮಿಮೀ ಅಂಚು ಬಿಡುತ್ತದೆ. ಮೇಲೆ ಕೆಳಗೆ ತಲಾ 0.75 ಇಂಚು. ಹಾಗಾಗಿ ಹಾಳೆ ನಿಂತಿದ್ದಾಗ ಬರೆಯಲು ಸಿಗುವ ಅಗಲ ಸುಮಾರು 174 ಮಿಮೀ ಮಾತ್ರ. ಹನ್ನೆರಡು ಕಾಲಂ ಸೇರಿ 240 ಮಿಮೀ ಆದರೆ ಅದು ಹಿಡಿಸುವುದಾದರೂ ಹೇಗೆ? ನಿಮ್ಮ ಪಟ್ಟಿ ಎಷ್ಟು ಅಗಲವಿದೆ ಎಂದು ನೋಡಬೇಕಿದ್ದರೆ `View` ಮೆನುವಿನಲ್ಲಿ `Page Layout` ಒತ್ತಿ. ಮಾಮೂಲಿ ನೋಟದಲ್ಲಿ ಕಾಲಂ ಅಗಲವನ್ನು ಅಕ್ಷರಗಳ ಲೆಕ್ಕದಲ್ಲಿ ತೋರಿಸುವ ಎಕ್ಸೆಲ್, ಅಲ್ಲಿ ಸೆಂಟಿಮೀಟರಿನಲ್ಲೋ ಇಂಚಿನಲ್ಲೋ ತೋರಿಸುತ್ತದೆ.

ಅಂಚು ಕಡಿಮೆ ಮಾಡಿ ಜಾಗ ಹೊಂದಿಸೋಣ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಈ ಹಾಳೆ ಫೈಲಿಗೆ ಹೋಗಬೇಕು. ಪಂಚಿಂಗ್ ಮಷೀನಿನ ತೂತಿಗೆ ಐಎಸ್‌ಒ 838 ಎಂಬ ಅಳತೆಯಿದೆ: ತೂತಿನ ಅಗಲ 6 ಮಿಮೀ, ಅದರ ನಡುಬಿಂದು ಹಾಳೆಯ ಅಂಚಿನಿಂದ 12 ಮಿಮೀ ಒಳಗೆ. ಅಂದರೆ ತೂತು ಮುಗಿಯುವುದು 15 ಮಿಮೀಗೆ. ಎಕ್ಸೆಲ್ಲಿನ 17.8 ಮಿಮೀ ಅಂಚಿನಲ್ಲಿ ಉಳಿಯುವುದು ಮೂರು ಮಿಮೀಗೂ ಕಡಿಮೆ. ಟ್ಯಾಗ್ ಹಾಕಿ ಬಿಗಿದ ಫೈಲಿನಲ್ಲಿ ಹಾಳೆ ಬಾಗುವುದರಿಂದ ಮೊದಲ ಕಾಲಂ ಒಳಗೆ ಮುಚ್ಚಿಹೋಗುತ್ತದೆ. ಫೈಲಿನ ಕಡೆ 25 ಮಿಮೀ ಬಿಡುವುದೇ ಸರಿ. ಉಳಿದ ಕಡೆ ಎಷ್ಟೇ ಕಿರಿದು ಮಾಡಿದರೂ ಸಾಮಾನ್ಯ ಲೇಸರ್ ಪ್ರಿಂಟರ್ ಅಂಚಿನ ಸುಮಾರು 4 ಮಿಮೀ ಜಾಗದಲ್ಲಿ ಏನನ್ನೂ ಮುದ್ರಿಸುವುದಿಲ್ಲ. ಅದಕ್ಕಿಂತ ಕಡಿಮೆ ಅಂಚು ಕೊಟ್ಟರೆ ಕೊನೆಯ ಅಕ್ಷರಗಳು ಕತ್ತರಿಸಿಹೋಗುತ್ತವೆ.

ಹಾಗಾದರೆ ಉಳಿದ ದಾರಿ ಎರಡು: ಪಟ್ಟಿಯನ್ನು ಕುಗ್ಗಿಸುವುದು, ಇಲ್ಲವೇ ಹಾಳೆಯನ್ನು ಅಡ್ಡ ಮಾಡುವುದು.

ಪ್ರಿಂಟ್ ಪರದೆಯಲ್ಲಿ `Fit All Columns on One Page` ಆರಿಸಿದರೆ ಎಕ್ಸೆಲ್ ತಾನೇ ಲೆಕ್ಕ ಹಾಕಿ ಕುಗ್ಗಿಸುತ್ತದೆ. ಎಡಕ್ಕೆ 25 ಮಿಮೀ ಬಿಟ್ಟ ಮೇಲೆ ಸಿಗುವ ಅಗಲ 167 ಮಿಮೀ. 240ನ್ನು ಅದರೊಳಗೆ ತುರುಕಲು ಶೇ 69ಕ್ಕೆ ಇಳಿಸಬೇಕು. ಆಗ 11 ಪಾಯಿಂಟಿನ ಅಕ್ಷರ 7.6 ಪಾಯಿಂಟ್ ಆಗುತ್ತದೆ. ಅಂಕಿಗಳನ್ನು ಆ ಗಾತ್ರದಲ್ಲಿ ಹೇಗೋ ಓದಬಹುದು. ‘ಲಕ್ಷ್ಮಮ್ಮ’ ಎಂಬಂಥ ಹೆಸರಿನ ಒತ್ತಕ್ಷರಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡು ಮಸಿಯ ಚುಕ್ಕೆಯಂತೆ ಕಾಣತೊಡಗುತ್ತವೆ. ಸಹಿಗೆಂದು 8 ಮಿಮೀ ಎತ್ತರ ಕೊಟ್ಟಿದ್ದ ಸಾಲು 5.5 ಮಿಮೀಗೆ ಇಳಿದಿರುತ್ತದೆ. ಅಲ್ಲಿ ಸಹಿ ಮಾಡುವುದೇ ಕಷ್ಟ, ಹೆಬ್ಬೆಟ್ಟಿನ ಗುರುತಂತೂ ಮೇಲಿನ ಕೆಳಗಿನ ಸದಸ್ಯರ ಮನೆಗೂ ನುಗ್ಗುತ್ತದೆ.

ಹಾಳೆ ಅಡ್ಡ ಮಾಡಿದರೆ, ಅಂದರೆ `Orientation` ಕೆಳಗೆ `Landscape` ಆರಿಸಿದರೆ, ಅಗಲ 261 ಮಿಮೀ ಸಿಗುತ್ತದೆ. 240 ಕುಗ್ಗದೆಯೇ ಹಿಡಿಸುತ್ತದೆ. ಇಲ್ಲಿ ಒಂದು ಎಡವಟ್ಟು ಆಗುವುದುಂಟು. ಅಡ್ಡ ಹಾಳೆಯನ್ನು ನಿಂತ ಹಾಳೆಗಳ ಜೊತೆ ಫೈಲ್ ಮಾಡುವಾಗ ತೂತು ಬೀಳುವುದು ಅದರ ತಲೆಯ ಕಡೆಗೆ, ಉದ್ದನೆಯ ಅಂಚಿಗೆ. ಹಾಗಾಗಿ 25 ಮಿಮೀ ಕೊಡಬೇಕಾದದ್ದು `Top` ಅಂಚಿಗೆ, `Left`ಗೆ ಅಲ್ಲ. ಆಗ ಎತ್ತರದಲ್ಲಿ ಉಳಿಯುವುದು 166 ಮಿಮೀ. ತಲೆಬರಹದ ಸಾಲಿಗೆ 12 ಮಿಮೀ ತೆಗೆದರೆ 8 ಮಿಮೀ ಎತ್ತರದ 19 ಸಾಲು ಹಿಡಿಸುತ್ತವೆ. 110 ಸದಸ್ಯರಿಗೆ ಆರು ಹಾಳೆ ಬೇಕು. ಕುಗ್ಗಿಸಿದ್ದರೆ ಮೂರು ಹಾಳೆಯಲ್ಲಿ ಮುಗಿಯುತ್ತಿತ್ತು. ಮೂರು ಹಾಳೆ ಉಳಿಸಲು ಸಹಿಯ ಜಾಗ ಕಳೆದುಕೊಳ್ಳುವುದು ಜಾಣತನವಲ್ಲ. ಬರೀ ನೋಡಿ ತಾಳೆ ಹಾಕುವ ಪ್ರತಿಗಾದರೆ ಕುಗ್ಗಿಸಿದ್ದೇ ಸಾಕು. ಎರಡರಲ್ಲಿ ಯಾವುದಾದರೂ ಸರಿ, `Print Titles` ಒತ್ತಿ `Rows to repeat at top` ಜಾಗದಲ್ಲಿ `$1:$1` ಬರೆಯಿರಿ. ಇಲ್ಲದಿದ್ದರೆ ಎರಡನೇ ಹಾಳೆಯಿಂದ ಯಾವ ಅಂಕಿ ಫ್ಯಾಟು, ಯಾವುದು ದರ ಎಂದು ಊಹಿಸಬೇಕಾಗುತ್ತದೆ.

261ರಲ್ಲಿ 240 ಹೋದರೆ 21 ಮಿಮೀ ಮಿಗುತ್ತದೆ. ಅದೆಲ್ಲ ಬಲಗಡೆಯೇ ಉಳಿದು ಪಟ್ಟಿ ಎಡಕ್ಕೆ ವಾಲಿದಂತೆ ಕಾಣುತ್ತದೆ. `Page Setup` ಪೆಟ್ಟಿಗೆಯ `Margins` ಪುಟದಲ್ಲಿ `Center on page` ಕೆಳಗಿನ `Horizontally` ಗುರುತು ಹಾಕಿದರೆ ಎರಡೂ ಕಡೆಗೆ ಸಮನಾಗಿ ಹಂಚಿಕೆಯಾಗುತ್ತದೆ. ಎಕ್ಸೆಲ್ ಹುಡುಕುವುದು ಹಾಳೆಯ ನಡುವನ್ನಲ್ಲ, ಅಂಚುಗಳ ನಡುವಿನ ಜಾಗದ ನಡುವನ್ನು. ಎಡ ಬಲ ಅಂಚು ಬೇರೆಬೇರೆಯಾಗಿದ್ದರೆ ಪಟ್ಟಿಯೂ ಅಷ್ಟಕ್ಕೆ ತಕ್ಕಂತೆ ಸರಿಯುತ್ತದೆ. ಗುರುತು ಹಾಕಿಯೂ ಪಟ್ಟಿ ವಿಚಿತ್ರವಾಗಿ ಎಡಕ್ಕೇ ನಿಂತರೆ ಬಲಗಡೆಯ ಖಾಲಿ ಕಾಲಂಗಳನ್ನು ಅನುಮಾನಿಸಿ. ಯಾವುದೋ ಕೋಶದಲ್ಲಿ ಯಾರೋ ಒತ್ತಿದ ಸ್ಪೇಸ್ ಉಳಿದಿದ್ದರೂ ಅದನ್ನು ಪಟ್ಟಿಯ ಭಾಗವೆಂದೇ ಎಣಿಸಲಾಗುತ್ತದೆ. ಪಕ್ಕದ `Vertically` ಗುರುತನ್ನು ಈ ಪಟ್ಟಿಗೆ ಹಾಕಬೇಡಿ. ಕೊನೆಯ ಹಾಳೆಯ ಸಾಲುಗಳು ತಲೆ ಬಿಟ್ಟು ನಡುವಿಗೆ ಇಳಿದುಬಿಡುತ್ತವೆ.

ಪರದೆಯಲ್ಲಿ ಕಾಣುವ ಬೂದು ಗೆರೆಗಳು ಹಾಳೆಗೆ ಬರುವುದಿಲ್ಲ. ಬರಬೇಕಿದ್ದರೆ `Page Layout` ಮೆನುವಿನಲ್ಲಿ `Gridlines` ಕೆಳಗಿನ `Print` ಗುರುತು ಹಾಕಬೇಕು. ಹಾಕಿಯೂ ಬರದಿದ್ದರೆ `Sheet` ಪುಟದ `Draft quality` ಗುರುತು ತೆಗೆದು ನೋಡಿ. ಹೊಸ ಸದಸ್ಯರನ್ನು ಕೈಯಲ್ಲಿ ಬರೆಯಲು ಕೊನೆಗೆ ಮೂರು ಖಾಲಿ ಸಾಲು ಬೇಕೆಂದರೆ ಅಷ್ಟರಿಂದ ಆಗದು, ಏಕೆಂದರೆ ಎಕ್ಸೆಲ್ ಗೆರೆ ಎಳೆಯುವುದು ಮಾಹಿತಿ ಇರುವಷ್ಟು ದೂರ ಮಾತ್ರ. `A1:L114` ಆರಿಸಿ `Print Area` ಎಂದು ನಿಗದಿಪಡಿಸಿದರೆ ಖಾಲಿ ಸಾಲಿಗೂ ಗೆರೆ ಬರುತ್ತದೆ. ಇಷ್ಟಾದರೂ ಈ ಗೆರೆಗಳು ತೆಳು, ಜೆರಾಕ್ಸ್ ಮಾಡಿದರೆ ಇನ್ನಷ್ಟು ಮಾಸುತ್ತವೆ. ಸಹಿ ಹಾಕುವ ಪಟ್ಟಿಗೆ `Borders` ಬಳಸಿ ಗೆರೆ ಎಳೆಯುವುದೇ ಮೇಲು.

ಕೊನೆಯದು ಬಣ್ಣ. ಸಾಲ ಬಾಕಿಯಿರುವವರ ಸಾಲಿಗೆ ಎಕ್ಸೆಲ್ಲಿನ ಸಿದ್ಧ ತಿಳಿಗುಲಾಬಿ, ಚುಕ್ತಾ ಆದವರಿಗೆ ತಿಳಿಹಸಿರು ಬಳಿದಿದ್ದಾರೆ ಎಂದುಕೊಳ್ಳೋಣ. ಕಪ್ಪು ಟೋನರ್ ಮಾತ್ರ ಇರುವ ಪ್ರಿಂಟರ್ ಬಣ್ಣವನ್ನು ಬೂದುಛಾಯೆಗೆ ಇಳಿಸುತ್ತದೆ. ಅದಕ್ಕೆ ಸಾಮಾನ್ಯವಾಗಿ ಬಳಸುವ ಲೆಕ್ಕ ಇದು:

```
Y = 0.299 R + 0.587 G + 0.114 B
```

ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಗಾಗಿ, ನೀಲಿ ಕಡಿಮೆ ಬೆಳಗಾಗಿ ಕಾಣುವುದರಿಂದ ಈ ತೂಕಗಳು. ಗುಲಾಬಿಯ ಸಂಕೇತ `FFC7CE`, ಅಂದರೆ 255, 199, 206. ಲೆಕ್ಕ ಹಾಕಿದರೆ 217 ಬರುತ್ತದೆ. ಹಸಿರಿನ `C6EFCE`ಗೆ, ಅಂದರೆ 198, 239, 206ಕ್ಕೆ, 223. ಶುದ್ಧ ಬಿಳಿ 255 ಇರುವ ಅಳತೆಯಲ್ಲಿ ಆರರ ಅಂತರ ಕಣ್ಣಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬಾಕಿದಾರರೂ ಚುಕ್ತಾದಾರರೂ ಒಂದೇ ಬೂದು. ಅದೂ ಬೂದು ಟೋನರ್ ಅಲ್ಲ, ಕಪ್ಪು ಚುಕ್ಕೆಗಳ ಜಾಲರಿ. ಅದರ ಮೇಲಿನ ಸಣ್ಣ ಅಕ್ಷರಗಳ ಅಂಚು ಒಡೆದಂತೆ ಕಾಣುತ್ತದೆ.

`Sheet` ಪುಟದ `Black and white` ಗುರುತು ಇದಕ್ಕಿಂತ ಬೇರೆ ಕೆಲಸ ಮಾಡುತ್ತದೆ. ಅದು ಛಾಯೆಗೆ ಇಳಿಸುವುದಿಲ್ಲ, ಕೋಶಗಳ ಹಿನ್ನೆಲೆ ಬಣ್ಣವನ್ನೇ ಬಿಟ್ಟುಬಿಟ್ಟು ಅಕ್ಷರಗಳನ್ನೆಲ್ಲ ಕಪ್ಪಿನಲ್ಲಿ ಮುದ್ರಿಸುತ್ತದೆ. ಕಡುನೀಲಿ ತಲೆಬರಹದ ಮೇಲಿನ ಬಿಳಿ ಅಕ್ಷರವೂ ಬಿಳಿ ಹಾಳೆಯ ಮೇಲೆ ಕಪ್ಪಾಗಿ, ಸ್ಪಷ್ಟವಾಗಿ ಬರುತ್ತದೆ, ಟೋನರೂ ಉಳಿಯುತ್ತದೆ. ಬಟವಾಡೆ ಪಟ್ಟಿಗೆ ಇದೇ ತಕ್ಕದ್ದು. ಬಣ್ಣದಲ್ಲಿ ಅಡಗಿಸಿದ್ದ ಅರ್ಥ ಮಾತ್ರ ಪೂರ್ತಿ ಅಳಿಸಿಹೋಗುತ್ತದೆ. ಕಡಿತದ ಮೊತ್ತವನ್ನು ಕೆಂಪು ಅಂಕಿಯಲ್ಲಷ್ಟೇ ತೋರಿಸಿದ್ದರೆ ಅದು ಜಮೆಯಂತೆ ಕಾಣುತ್ತದೆ. ಹಾಗಾಗಿ ಕಡಿತದ ಅಂಕಿಯ ಮುಂದೆ ಋಣ ಚಿಹ್ನೆ ಇರಲಿ, ಬಾಕಿದಾರರ ಹೆಸರಿನ ಪಕ್ಕ ‘ಬಾಕಿ’ ಎಂದು ಬರೆದಿರಲಿ.