‘ತಾಂತ್ರಿಕ ದೋಷ’ ಎಂದು ಬರೆದುಕೊಡಬೇಡಿ

ಮದುವೆಯಲ್ಲಿ ಡ್ರೋನ್ ಬಿದ್ದು ಯಾರಿಗಾದರೂ ಪೆಟ್ಟಾದರೆ ನಮ್ಮ ಛಾಯಾಗ್ರಾಹಕರು ಮದುವೆ ಮನೆಯವರಿಗೆ ಬರೆದುಕೊಡುವುದು ಒಂದೇ ಸಾಲು: ‘ತಾಂತ್ರಿಕ ದೋಷದಿಂದ ಬಿದ್ದಿತು.’ ಇಂಥ ಚೀಟಿಗಳನ್ನು ಓದಿ ನನಗೆ ಸಾಕಾಗಿದೆ. ಹಾರಾಟದ ದಾಖಲೆ ರಿಮೋಟ್ ಅಥವಾ ಮೊಬೈಲಿನಲ್ಲಿ ಉಳಿದಿರುತ್ತದೆ. ಅದು ನಿಮ್ಮ ಚೀಟಿಗೆ ವಿರುದ್ಧವಾಗಿದ್ದರೆ ಮುಂದೆ ನೀವು ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ.

ಮಲೆನಾಡಿನ ಒಂದು ಮನೆಯಂಗಳದಲ್ಲಿ ನಡೆದ ಆರತಕ್ಷತೆಯ ಪ್ರಕರಣ ನೋಡಿ. ಸಂಜೆಗತ್ತಲು. ಅಡಿಕೆ ಮರದಿಂದ ಮರಕ್ಕೆ ಸೀರಿಯಲ್ ದೀಪಗಳ ತಂತಿ ಎಳೆದಿದ್ದರು. ವರನ ಭಾವ ‘ಇನ್ನೂ ಸ್ವಲ್ಪ ಕೆಳಗೆ ತನ್ನಿ’ ಎಂದರು, ಡ್ರೋನ್ ಹಾರಿಸುತ್ತಿದ್ದ ಹುಡುಗ ತಂದ. ಡ್ರೋನ್ ಬಿದ್ದು ವಧುವಿನ ಸೋದರಮಾವನ ಹುಬ್ಬಿನ ಮೇಲೆ ಗಾಯವಾಯಿತು, ಹೊಲಿಗೆ ಹಾಕಬೇಕಾಯಿತು. (ಆ ಹಿರಿಯರು ಆಸ್ಪತ್ರೆಯಿಂದ ಬಂದು ಕೇಳಿದ್ದು, ವಿಡಿಯೊ ಸರಿಯಾಗಿ ಬಂದಿದೆಯೇ ಎಂದು!)

ಚೀಟಿಯಲ್ಲಿ ಬ್ಯಾಟರಿ ಕೈಕೊಟ್ಟಿತೆಂದಿತ್ತು. ದಾಖಲೆಯಲ್ಲಿ ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿತ್ತು, ಉಪಗ್ರಹ ಸಂಕೇತವೂ ಚೆನ್ನಾಗಿತ್ತು. ಸುಮಾರು ನಾಲ್ಕು ಮೀಟರ್ ಎತ್ತರದಲ್ಲಿ ಮೆಲ್ಲಗೆ ಸಾಗುತ್ತಿದ್ದ ಡ್ರೋನ್, ರಿಮೋಟಿನಿಂದ ಯಾವ ಆದೇಶವೂ ಇಲ್ಲದೆ ಒಮ್ಮೆಲೇ ಒಂದು ಬದಿಗೆ ವಾಲಿತ್ತು, ಮರುಕ್ಷಣ ಮೋಟರಿಗೆ ತಡೆಯಾಗಿದೆ ಎಂಬ ಎಚ್ಚರಿಕೆ ಮೂಡಿತ್ತು. ರೆಕ್ಕೆಗೆ ಏನೋ ಸಿಕ್ಕಿಕೊಂಡಾಗ ಕಾಣುವ ಲಕ್ಷಣವಿದು. ಬರಿಯ ಮೋಟರ್ ಕೆಟ್ಟರೂ ಡ್ರೋನ್ ವಾಲುತ್ತದೆ, ಹಾಗಾಗಿ ದಾಖಲೆಯೊಂದನ್ನೇ ನಂಬಿ ತೀರ್ಪು ಕೊಡಬಾರದು. ಇಲ್ಲಿ ರೆಕ್ಕೆಗೆ ಸುತ್ತಿಕೊಂಡಿದ್ದ ದೀಪದ ತಂತಿಯ ತುಂಡೇ ಸಂಶಯ ಕಳೆಯಿತು.

‘ಅಡ್ಡ ಬಂದದ್ದನ್ನು ಕಂಡು ಅದು ತಾನೇ ನಿಲ್ಲುವುದಿಲ್ಲವೇ?’ ಎಂದು ಮದುವೆ ಮನೆಯವರೆಲ್ಲ ಕೇಳುತ್ತಾರೆ. ಸಾಮಾನ್ಯ ಡ್ರೋನ್ ಕಾಣುವುದು ಕ್ಯಾಮೆರಾಗಳಿಂದ. ಬೆಳಕು ಇಳಿದರೆ ಅವು ಮಂಕಾಗುತ್ತವೆ. ಹಗಲಿನಲ್ಲೂ ಸಣ್ಣ ತಂತಿ ಅವುಗಳಿಗೆ ಕಾಣದೆ ಹೋಗಬಹುದು. ಕೆಲವು ಮಾದರಿಗಳಿಗೆ ಪಕ್ಕದ ಕಣ್ಣುಗಳೇ ಇಲ್ಲ. ವೇಗದ ಸ್ಪೋರ್ಟ್ ಮೋಡಿನಲ್ಲಂತೂ ಸಾಮಾನ್ಯವಾಗಿ ತಡೆ ತಪ್ಪಿಸುವ ವ್ಯವಸ್ಥೆಯೇ ಕೆಲಸ ಮಾಡುವುದಿಲ್ಲ. ಗೋಡೆ ಕಂಡಿತೆಂದು ತಂತಿಯೂ ಕಾಣುತ್ತದೆ ಎಂದುಕೊಳ್ಳಬೇಡಿ.

ವಿವರಣೆಯಲ್ಲಿ ಕಂಡದ್ದು, ದಾಖಲೆ ಹೇಳುವುದು, ಇನ್ನೂ ತಿಳಿಯದ್ದು ಇವನ್ನು ಬೇರೆಬೇರೆಯಾಗಿ ಬರೆಯಿರಿ. ಹಾರಿಸಿದವರು ಯಾರು, ಎಷ್ಟು ಹೊತ್ತಿಗೆ, ಜನರಿಂದ ಎಷ್ಟು ದೂರದಲ್ಲಿ ಎಂಬುದಿರಲಿ. ಗಾಯ ಹೇಗೆ ಕಂಡಿತೋ ಅಷ್ಟೇ ಇರಲಿ, ಅದರ ತೀವ್ರತೆ ಹೇಳುವವರು ವೈದ್ಯರು. ಭಾವ ಕೇಳಿದ್ದನ್ನೂ ಬರೆಯಬಹುದು. ಆದರೆ ರಿಮೋಟ್ ಅವರ ಕೈಯಲ್ಲಿರಲಿಲ್ಲ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಯಾರ ಒಪ್ಪಿಗೆಗೂ ಕಾಯಬೇಡಿ. ಆದರೆ ಪರಿಹಾರದ ಮಾತು ಕೊಡುವ ಮುನ್ನ ವಿಮೆಯವರನ್ನು ಕೇಳಿ, ಅನೇಕ ಪಾಲಿಸಿಗಳಲ್ಲಿ ಆ ಷರತ್ತಿರುತ್ತದೆ. ಡ್ರೋನ್ ರಿಪೇರಿಗೆಂದು ಕೊಂಡ ಯೋಜನೆ ಅತಿಥಿಯ ಹುಬ್ಬಿಗೆ ಅನ್ವಯಿಸುವುದಿಲ್ಲ, ಅದಕ್ಕೆ ಮೂರನೇ ವ್ಯಕ್ತಿಯ ವಿಮೆ ಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನ್‌ಗೆ ಅದು ಕಡ್ಡಾಯ. ಅಪಘಾತವನ್ನು 48 ಗಂಟೆಯೊಳಗೆ ಸರ್ಕಾರದ ಡಿಜಿಟಲ್ ಸ್ಕೈ ತಾಣದಲ್ಲಿ ವರದಿ ಮಾಡಬೇಕೆಂದೂ ಅದೇ ನಿಯಮಗಳಲ್ಲಿದೆ. ಅಲ್ಲಿ ಬರೆದದ್ದಕ್ಕೂ ಮದುವೆ ಮನೆಗೆ ಕೊಟ್ಟದ್ದಕ್ಕೂ ತಾಳೆಯಿರಲಿ.