ಬೋರ್ಡಿನ ಫೋಟೊದಲ್ಲಿ ಭಾರ ಕಾಣುತ್ತದೆ, ವೇಗ ಕಾಣುವುದಿಲ್ಲ

ದಸರಾಕ್ಕೆ ಇನ್ನೂ ಕೆಲವು ದಿನ ಇದ್ದಾಗ, ಒಂದು ಬುಧವಾರ ಸಂಜೆ, ನನ್ನ ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಅವಳು ಬೆಳ್ಳಂದೂರಿನ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾಲ್ಕು ಜನರ ತಂಡ ನೋಡಿಕೊಳ್ಳುತ್ತಾಳೆ. ಚಿತ್ರದ ಕೆಳಗೆ ಹೀಗೆ ಬರೆದಿದ್ದಳು: "ಅಕ್ಕಾ, ಯಾರ ಮೇಲೆ ಎಷ್ಟು ಕೆಲಸ ಇದೆ, ನಮ್ಮ ವೆಲಾಸಿಟಿ ಎಷ್ಟು, ಇದನ್ನ ನೋಡಿ ಹೇಳ್ತೀಯಾ? ಮುಂದಿನ ಸ್ಪ್ರಿಂಟ್‌ಗೆ ಎಷ್ಟು ಹೊಸ ಕೆಲಸ ತಗೋಬಹುದು ಅಂತ ಮ್ಯಾನೇಜರ್ ಕೇಳ್ತಿದ್ದಾರೆ."

ಚಿತ್ರದಲ್ಲಿ ಇದ್ದದ್ದು ಅವರ ಕಾನ್‌ಬಾನ್ ಬೋರ್ಡ್. ಟೊಯೋಟಾ ಕಾರ್ಖಾನೆಯಲ್ಲಿ ತೈಚಿ ಓನೊ ಬಳಕೆಗೆ ತಂದ ಚೀಟಿ ಪದ್ಧತಿಯಿಂದ ಬಂದ ಹೆಸರು ಇದು. ನಾಲ್ಕು ಕಾಲಂ: ಟು ಡೂ, ಇನ್ ಪ್ರೋಗ್ರೆಸ್, ರಿವ್ಯೂ, ಡನ್. ಪ್ರತಿ ಕೆಲಸಕ್ಕೂ ಒಂದು ಕಾರ್ಡ್. ಕಾರ್ಡಿನ ಮೂಲೆಯಲ್ಲಿ ಅದರ ನಂಬರ್, ಯಾರದು ಎಂದು ಹೇಳುವ ಒಂದು ದುಂಡು ಗುರುತು, ಮತ್ತು ಕೆಲಸ ಎಷ್ಟು ದೊಡ್ಡದು ಎಂಬ ಅಂದಾಜು. ಅಂದಾಜು ಗಂಟೆಗಳಲ್ಲಿ ಅಲ್ಲ, ಪಾಯಿಂಟ್‌ಗಳಲ್ಲಿ. ಎರಡು ಪಾಯಿಂಟ್‌ನ ಕೆಲಸಕ್ಕೆ ಹೋಲಿಸಿದರೆ ಇದು ಎಷ್ಟು ದೊಡ್ಡದು ಅಂತ ತಂಡ ಒಟ್ಟಿಗೆ ಕೂತು ಹಾಕಿಕೊಂಡ ಸಂಖ್ಯೆ ಅದು. ಇಷ್ಟು ಮುಗಿಸೋಣ ಎಂದು ತಂಡ ಹಾಕಿಕೊಳ್ಳುವ ಕೆಲಸದ ಒಂದು ಸುತ್ತೇ ಸ್ಪ್ರಿಂಟ್. ಅವರದು ಎರಡು ವಾರದ್ದು, ಅಂದರೆ ಹತ್ತು ಕೆಲಸದ ದಿನ. ಚಿತ್ರ ತೆಗೆದದ್ದು ಎಂಟನೇ ದಿನದ ಸಂಜೆ.

ಅವಳು ಕೇಳಿದ ಎರಡು ಪ್ರಶ್ನೆ ಒಂದೇ ಜಾತಿಯವಲ್ಲ. ಸಿಲ್ಕ್ ಬೋರ್ಡ್ ಮೇಲಿನ ಮೆಟ್ರೊ ನಿಲ್ದಾಣದಿಂದ ಕೆಳಗಿನ ರಸ್ತೆಯ ಒಂದು ಫೋಟೊ ತೆಗೆಯಿರಿ. ಎಷ್ಟು ಬಸ್, ಎಷ್ಟು ಆಟೊ, ಎಷ್ಟು ಬೈಕ್ ನಿಂತಿವೆ ಎಂದು ಎಣಿಸಬಹುದು. ಗಂಟೆಗೆ ಎಷ್ಟು ಗಾಡಿ ಜಂಕ್ಷನ್ ದಾಟುತ್ತವೆ ಎಂದು ಅದೇ ಫೋಟೊದಿಂದ ಹೇಳಲಾಗದು. ಅದಕ್ಕೆ ಎರಡು ಫೋಟೊ ಬೇಕು, ನಡುವೆ ಎಷ್ಟು ಹೊತ್ತು ಕಳೆಯಿತು ಅಂತ ಗೊತ್ತಿರಬೇಕು. ಬೋರ್ಡಿನಲ್ಲೂ ಹಾಗೆಯೇ. ಯಾರ ಮೇಲೆ ಎಷ್ಟು ಭಾರ ಇದೆ ಅನ್ನುವುದು ಈ ಕ್ಷಣದ ಎಣಿಕೆ. ವೆಲಾಸಿಟಿ ಅಂದರೆ ಒಂದು ಸ್ಪ್ರಿಂಟ್ ಪೂರ್ತಿ ಮುಗಿಯುವಾಗ ಡನ್ ಮುಟ್ಟಿದ ಪಾಯಿಂಟ್‌ಗಳ ಮೊತ್ತ. ಅದಕ್ಕೆ ಶುರು ಮತ್ತು ಕೊನೆ ಎರಡೂ ಬೇಕು.

ಮೊದಲು ಚಿತ್ರವನ್ನು ಸರಿಯಾಗಿ ಓದಬೇಕಲ್ಲ. ಇಲ್ಲೇ ಜಾಸ್ತಿ ತಪ್ಪಾಗುವುದು. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ. ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸು ಅಂದೆ. ಒಂದು ಕಾರ್ಡಿನಲ್ಲಿ 4 ಎಂದು ಕಂಡಿತು. ಅವರ ತಂಡ 1, 2, 3, 5, 8, 13 ಮಾತ್ರ ಬಳಸುತ್ತದೆ. ಹಾಗಾದರೆ 4 ಪಾಯಿಂಟ್ ಆಗಲು ಸಾಧ್ಯವಿಲ್ಲ. ನೋಡಿದರೆ ಅದು ಕಾಮೆಂಟ್‌ಗಳ ಸಂಖ್ಯೆ, ಅಂದಾಜಿನ ಜಾಗ ಖಾಲಿ ಇತ್ತು. ಇಂಥ ಖಾಲಿ ಜಾಗವನ್ನು ಸೊನ್ನೆ ಎಂದು ಬರೆಯಬಾರದು. ಸೊನ್ನೆ ಅಂದರೆ ಕೆಲಸ ಇಲ್ಲ, ಖಾಲಿ ಅಂದರೆ ಎಷ್ಟು ಕೆಲಸ ಎಂದು ಯಾರಿಗೂ ಗೊತ್ತಿಲ್ಲ.

ಆಮೇಲೆ ಡನ್ ಕಾಲಂ. ತಲೆಬರಹದ ಪಕ್ಕ 9 ಎಂದಿತ್ತು, ಆದರೆ ಚಿತ್ರದಲ್ಲಿ ಕಂಡದ್ದು ಆರೇ ಕಾರ್ಡ್. ಉಳಿದವು ಸ್ಕ್ರೀನಿನ ಕೆಳಗೆ ಅಡಗಿದ್ದವು. ಸ್ಕ್ರಾಲ್ ಮಾಡಿ ಇನ್ನೊಂದು ಶಾಟ್ ಕಳಿಸಿದಳು, ಅದರಲ್ಲಿ ಐದು ಕಾರ್ಡ್. ಸುಮ್ನೆ ಕೂಡಿದರೆ ಹನ್ನೊಂದು! ಕಾರ್ಡ್ ನಂಬರ್ ನೋಡಿದಾಗ ಎರಡು ಕಾರ್ಡ್ ಎರಡೂ ಚಿತ್ರದಲ್ಲಿದ್ದವು. ಹನ್ನೊಂದರಲ್ಲಿ ಎರಡು ಕಳೆದರೆ ಒಂಬತ್ತು, ತಲೆಬರಹಕ್ಕೆ ತಾಳೆಯಾಯಿತು. ಆ ಒಂಬತ್ತರಲ್ಲೂ ಐದು ಪಾಯಿಂಟ್‌ನ ಒಂದು ಕಾರ್ಡಿನ ನಂಬರ್ ಉಳಿದವುಗಳಿಗಿಂತ ತುಂಬ ಹಿಂದಿನದು. ತೆರೆದು ನೋಡು ಅಂದೆ. ಹಿಂದಿನ ಸ್ಪ್ರಿಂಟ್‌ನಲ್ಲೇ ಮುಗಿದದ್ದು, ಬೋರ್ಡಿನಿಂದ ಯಾರೂ ತೆಗೆದಿರಲಿಲ್ಲ. ಅದನ್ನು ಬಿಟ್ಟರೆ ಡನ್‌ನಲ್ಲಿ ಎಂಟು ಕಾರ್ಡ್, 21 ಪಾಯಿಂಟ್.

ಎಲ್ಲವನ್ನೂ ಒಂದು ಶೀಟಿಗೆ ಇಳಿಸಿದೆ. ಎ ಕಾಲಮ್‌ನಲ್ಲಿ ಕಾರ್ಡ್ ನಂಬರ್, ಬಿಯಲ್ಲಿ ಅದು ಇರುವ ಕಾಲಂ, ಸಿಯಲ್ಲಿ ಹೆಸರಿನ ಮೊದಲ ಅಕ್ಷರ, ಡಿಯಲ್ಲಿ ಪಾಯಿಂಟ್. ಒಬ್ಬರ ಮೇಲೆ ಉಳಿದಿರುವ ಭಾರ ಎಷ್ಟು ಎಂದು ಕೂಡಲು ಒಂದೇ ಸಾಲು ಸಾಕು:

```
=SUMIFS(D:D, C:C, "ಸ", B:B, "<>Done")
```

'ಸ' ಅವರಿಗೆ ಬಂದ ಉತ್ತರ 21. 'ಮ' ಅವರಿಗೆ 5, ಜೊತೆಗೆ ಅಂದಾಜಿಲ್ಲದ ಆ ಒಂದು ಕಾರ್ಡ್. 'ರ' ಅವರಿಗೆ 5, 'ಫ' ಅವರಿಗೆ 5. ಯಾರ ಹೆಸರೂ ಇಲ್ಲದ ಒಂದು ಕಾರ್ಡ್, 3 ಪಾಯಿಂಟ್. ಒಟ್ಟು 39. ಅರ್ಧಕ್ಕಿಂತ ಜಾಸ್ತಿ ಒಬ್ಬರ ತಲೆಯ ಮೇಲೆ.

ಇಷ್ಟಕ್ಕೇ ನಿಲ್ಲಿಸಿದ್ದರೆ 'ಫ' ಅವರ ಕೈ ಖಾಲಿ ಇದೆ, ಇನ್ನಷ್ಟು ಕೊಡಬಹುದು ಎಂದೇ ಅನ್ನಿಸುತ್ತಿತ್ತು. ಅವರ ಆ ಐದು ಪಾಯಿಂಟ್ ಕೂಡ ರಿವ್ಯೂ ಕಾಲಂನಲ್ಲಿದೆ. ಆದರೆ ಕಾರ್ಡ್ ರಿವ್ಯೂಗೆ ಹೋದಾಗ ಆ ದುಂಡು ಗುರುತಿನಲ್ಲಿರುವ ಹೆಸರನ್ನು ಅವರ ತಂಡದಲ್ಲಿ ಯಾರೂ ಬದಲಿಸುವುದಿಲ್ಲ. ಬರೆದವರ ಹೆಸರೇ ಉಳಿಯುತ್ತದೆ. ಕೂತು ಓದಿ ತಪ್ಪು ಹುಡುಕುವವರ ಹೆಸರು ಬೋರ್ಡಿನಲ್ಲಿ ಎಲ್ಲೂ ಬರುವುದಿಲ್ಲ. ಯಾರು ರಿವ್ಯೂ ಮಾಡ್ತಾರೆ ಅಂತ ಕೇಳಿದೆ. "ಎಲ್ಲಾ ಅವರೇ ಮಾಡೋದು ಅಕ್ಕಾ, ಅವರೇ ಸೀನಿಯರ್" ಎಂದಳು. ಅಂದರೆ ಬೇರೆಯವರ ಕೆಲಸ ನೋಡುವುದರಲ್ಲೇ 'ಫ' ಅವರ ದಿನ ಹೋಗುತ್ತದೆ, ಚಿತ್ರದಲ್ಲಿ ಮಾತ್ರ ಕೈಕಟ್ಟಿ ಕೂತಂತೆ ಕಾಣುತ್ತಾರೆ. ಯಾವುದೇ ಬೋರ್ಡಿನಿಂದ ಭಾರ ಎಣಿಸುವಾಗ ರಿವ್ಯೂ ಕಾಲಮನ್ನು ಬೇರೆಯಾಗಿ ಕೂಡಿ. ಆ ಮೊತ್ತ ಬರೆದವರದಲ್ಲ, ಕಾಯುವ ಕೆಲಸದ್ದು. ಇಲ್ಲಿ ಅದು ಮೂರು ಕಾರ್ಡ್, 10 ಪಾಯಿಂಟ್.

ಇನ್ನು ವೇಗ. ಎಂಟು ದಿನಕ್ಕೆ 21, ಹತ್ತು ದಿನಕ್ಕೆ ಸುಮಾರು 26 ಎಂದು ಲೆಕ್ಕ ಹಾಕಿಬಿಡಬಹುದಲ್ವಾ ಎಂದು ಅವಳು ಕೇಳಿದಳು. ಹಾಕಬಾರದು. ಪಾಯಿಂಟ್‌ಗಳು ನಲ್ಲಿ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ, ಕಾರ್ಡ್ ಕಾರ್ಡಾಗಿ ಬೀಳುತ್ತವೆ. ಎಂಟು ಪಾಯಿಂಟ್‌ನ ಕೆಲಸ ಮುಕ್ಕಾಲು ಮುಗಿದಿದ್ದರೂ ವೆಲಾಸಿಟಿಗೆ ಅದು ಸೊನ್ನೆ. ಪೂರ್ತಿ ಮುಗಿದ ದಿನ ಎಂಟಕ್ಕೆ ಎಂಟೂ ಬರುತ್ತದೆ. ಮುಕ್ಕಾಲು ಎಂಬುದನ್ನು ಹೇಳುವವರು ಅವರವರ ಅಂದಾಜಿನಲ್ಲಿ ಹೇಳುತ್ತಾರೆ, ಮುಗಿದಿದೆಯೇ ಇಲ್ಲವೇ ಎಂಬುದನ್ನು ಮಾತ್ರ ಎಲ್ಲರೂ ಒಂದೇ ರೀತಿ ನೋಡಬಹುದು. ಅದಕ್ಕೇ ಈ ಕಟ್ಟುನಿಟ್ಟು.

ಆದರೆ ಅದೇ ಬುಧವಾರದ ಚಿತ್ರದಿಂದ ಬೇರೆ ಒಂದು ವಿಷಯ ತಿಳಿಯಬಹುದು, ಮತ್ತು ನನಗೆ ಅದೇ ಹೆಚ್ಚು ಇಷ್ಟ. 1961ರಲ್ಲಿ ಜಾನ್ ಲಿಟಲ್ ಎಂಬ ವಿಜ್ಞಾನಿ ಸರತಿ ಸಾಲುಗಳ ಬಗ್ಗೆ ಒಂದು ನಿಯಮವನ್ನು ಸಾಧಿಸಿ ತೋರಿಸಿದರು. ಸಾಲಿನಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೋ ಅದನ್ನು, ಹೊತ್ತಿಗೆ ಎಷ್ಟು ಜನ ಹೊರಬರುತ್ತಾರೋ ಅದರಿಂದ ಭಾಗಿಸಿದರೆ, ಒಬ್ಬರು ಸಾಲಿನಲ್ಲಿ ಕಳೆಯುವ ಸರಾಸರಿ ಹೊತ್ತು ಸಿಗುತ್ತದೆ. ದರ್ಶಿನಿಯ ಕೌಂಟರ್ ಮುಂದೆ ಹನ್ನೆರಡು ಜನ ಇದ್ದು, ನಿಮಿಷಕ್ಕೆ ನಾಲ್ಕು ಜನರಿಗೆ ದೋಸೆ ಸಿಗುತ್ತಿದ್ದರೆ, ನಿಮಗೆ ಮೂರು ನಿಮಿಷ. ಅವಳ ಬೋರ್ಡಿನಲ್ಲಿ ಶುರುವಾಗಿ ಮುಗಿಯದ ಕಾರ್ಡ್‌ಗಳು ಏಳು: ಇನ್ ಪ್ರೋಗ್ರೆಸ್‌ನಲ್ಲಿ ನಾಲ್ಕು, ರಿವ್ಯೂನಲ್ಲಿ ಮೂರು. ಎಂಟು ದಿನದಲ್ಲಿ ಎಂಟು ಕಾರ್ಡ್ ಮುಗಿದಿವೆ, ದಿನಕ್ಕೆ ಒಂದು. ಏಳನ್ನು ಒಂದರಿಂದ ಭಾಗಿಸಿದರೆ ಏಳು ದಿನ. ಶುರು ಮಾಡಿದ ಒಂದು ಕಾರ್ಡ್ ಡನ್ ಮುಟ್ಟಲು ಸರಾಸರಿ ಏಳು ಕೆಲಸದ ದಿನ ಬೇಕು. ಐದನೇ ದಿನ ಕೈಗೆತ್ತಿಕೊಂಡ ಕಾರ್ಡ್ ಈ ಸ್ಪ್ರಿಂಟ್‌ನಲ್ಲಿ ಮುಗಿಯುವುದು ಕಷ್ಟ ಎಂದಾಯಿತು.

ಇದರ ಮಿತಿಯನ್ನೂ ಹೇಳಬೇಕು. ನಿಯಮ ಸರಾಸರಿಗಳ ಬಗ್ಗೆ ಇರುವುದು. ಏಳು ಎಂಬುದು ಒಂದು ಸಂಜೆಯ ಎಣಿಕೆ. ಒಳಗೆ ಬರುವ ಕೆಲಸ ಹೊರಗೆ ಹೋಗುವುದಕ್ಕಿಂತ ಜಾಸ್ತಿ ಇರುವ ವಾರಗಳಲ್ಲಿ ಈ ಉತ್ತರ ನಿಜಕ್ಕಿಂತ ಕಡಿಮೆಯೋ ಹೆಚ್ಚೋ ಆಗುತ್ತದೆ. ದಿನವೂ ಒಂದೇ ಹೊತ್ತಿಗೆ ಒಂದು ಶಾಟ್ ತೆಗೆದು ಎರಡು ವಾರದ ಸರಾಸರಿ ತೆಗೆದರೆ ನಂಬಬಹುದು.

ಶುಕ್ರವಾರ ಸಂಜೆ ಎರಡನೇ ಚಿತ್ರ ಬಂತು. ರಿವ್ಯೂನಲ್ಲಿದ್ದ ಮೂರರಲ್ಲಿ ಎರಡು ಕಾರ್ಡ್ ಮುಗಿದಿದ್ದವು, 7 ಪಾಯಿಂಟ್. 'ರ' ಅವರ 2 ಪಾಯಿಂಟ್‌ನ ಕೆಲಸವೂ ಆಗಿತ್ತು. 21ಕ್ಕೆ 9 ಸೇರಿ ಸ್ಪ್ರಿಂಟ್‌ನ ವೆಲಾಸಿಟಿ 30. ಅದರ ಹಿಂದಿನ ಎರಡು ಸ್ಪ್ರಿಂಟ್‌ಗಳಲ್ಲಿ 24 ಮತ್ತು 33 ಬಂದಿತ್ತು. ಮೂರರ ಸರಾಸರಿ 29.

ಮೊದಲ ಚಿತ್ರಕ್ಕೂ ಇದಕ್ಕೂ ಹೋಲಿಸಿದಾಗ 'ಸ' ಅವರ ಸಂಖ್ಯೆ ಹಾಗೇ ಇತ್ತು. ಬುಧವಾರ 21, ಶುಕ್ರವಾರವೂ 21. ಇಡೀ ಸ್ಪ್ರಿಂಟ್‌ನಲ್ಲಿ ಡನ್‌ಗೆ ಹೋದ ಅವರ ಕಾರ್ಡ್‌ಗಳು ಎರಡೇ, 3 ಪಾಯಿಂಟ್. 'ಫ' ಅವರದು 15. ಇಲ್ಲಿಂದ ಮುಂದಿನ ಹೆಜ್ಜೆ ತಪ್ಪು ದಾರಿಗೆ ಹೋಗುವುದು ಬಹಳ ಸುಲಭ. ನಾನು ಹಿಂದೆ ಕೆಲಸ ಮಾಡಿದ ಒಂದು ಆಫೀಸಿನಲ್ಲಿ ತಂಡದ ವೆಲಾಸಿಟಿಯನ್ನು ಹೀಗೆ ಒಬ್ಬೊಬ್ಬರಿಗೆ ಹಂಚಿ ಅಪ್ರೈಸಲ್‌ಗೆ ಇಟ್ಟುಕೊಂಡರು. ಮುಂದಿನ ಸ್ಪ್ರಿಂಟ್‌ನಿಂದಲೇ ಮೂರು ಪಾಯಿಂಟ್‌ನ ಕೆಲಸಗಳು ಐದಾದವು, ಐದು ಎಂಟಾದವು. ವೆಲಾಸಿಟಿ ಏರಿತು, ಕೆಲಸ ಅಷ್ಟೇ ಇತ್ತು. ಜೊತೆಗೆ, ಇನ್ನೊಬ್ಬರ ಕೋಡ್ ಓದಿ ಕೊಡುವವರಿಗೆ ಒಂದು ಪಾಯಿಂಟ್ ಕೂಡ ಬರದ ಕಾರಣ ರಿವ್ಯೂ ಮಾಡಲು ಯಾರೂ ಮುಂದೆ ಬರಲಿಲ್ಲ. ನನಗೆ ಆ ಮೂರು ತಿಂಗಳು ಇನ್ನೂ ಬೇಸರ ತರುತ್ತವೆ. ಪಾಯಿಂಟ್ ತಂಡ ತನ್ನೊಳಗೆ ಕಟ್ಟಿಕೊಂಡ ಅಳತೆ. ಪಕ್ಕದ ತಂಡದ ಪಾಯಿಂಟ್ ಜೊತೆಗೂ ಅದನ್ನು ಹೋಲಿಸಲಾಗದು.

'ಸ' ಅವರ ಕಾರ್ಡ್‌ಗಳನ್ನೇ ನೋಡಿದಾಗ ಕಾರಣ ಸಿಕ್ಕಿತು. ಅವರ ಮೂರು ಪಾಯಿಂಟ್‌ನ ಕೆಲಸ ಆರನೇ ದಿನವೇ ಮುಗಿದು ರಿವ್ಯೂಗೆ ಕಾಯುತ್ತಿತ್ತು. ಕಾಯುವಾಗ ಸುಮ್ಮನಿರಲಾರದೆ, ಎಂಟು ಪಾಯಿಂಟ್‌ನ ಕೆಲಸದ ಜೊತೆಗೆ ಐದರದನ್ನೂ ಶುರು ಮಾಡಿದ್ದರು. ಯಾವುದೂ ದಡ ಸೇರಲಿಲ್ಲ.

ಮುಂದಿನ ಸ್ಪ್ರಿಂಟ್‌ನಲ್ಲಿ ಆಯುಧಪೂಜೆ, ವಿಜಯದಶಮಿ ಎಂದು ಎರಡು ದಿನ ರಜೆ. ಹತ್ತರಲ್ಲಿ ಎಂಟು ದಿನ. ಸರಾಸರಿ 29ರ ಹತ್ತರಲ್ಲಿ ಎಂಟು ಪಾಲು ಅಂದರೆ ಸುಮಾರು 23. ಬೋರ್ಡಿನಲ್ಲಿ ಉಳಿದದ್ದು 39ರಲ್ಲಿ 9 ಹೋಗಿ 30, ಅದರ ಮೇಲೆ ಅಂದಾಜಿಲ್ಲದ ಕಾರ್ಡ್. ಹೊಸ ಕೆಲಸ ಎಷ್ಟು ತಗೋಬಹುದು ಎಂಬ ಪ್ರಶ್ನೆಗೆ ಉತ್ತರ ಸೊನ್ನೆ.

ಅವಳು ಎರಡು ಚಿತ್ರ ಮತ್ತು ಆ ಶೀಟ್ ತೆಗೆದುಕೊಂಡು ಮ್ಯಾನೇಜರ್ ಹತ್ತಿರ ಹೋದಳು. ಹೆಸರಿಲ್ಲದ ಮೂರು ಪಾಯಿಂಟ್‌ನ ಕಾರ್ಡ್, 'ರ' ಅವರು ಇನ್ನೂ ಮುಟ್ಟದ ಮೂರು ಪಾಯಿಂಟ್‌ನ ಕಾರ್ಡ್, ಅಂದಾಜಿಲ್ಲದ ಕಾರ್ಡ್, ಈ ಮೂರು ಕಾರ್ಡ್‌ಗಳನ್ನೂ ಬೋರ್ಡಿನಿಂದ ಹಿಂದಕ್ಕೆ ಕಳಿಸಿದರು. ಉಳಿದದ್ದು 24. 'ಸ' ಅವರು ಶುರು ಮಾಡದಿದ್ದ ಇನ್ನೊಂದು ಐದು ಪಾಯಿಂಟ್‌ನ ಕಾರ್ಡ್ 'ರ' ಅವರಿಗೆ ಹೋಯಿತು. ಕಾಯುತ್ತಿದ್ದ ಆ ಮೂರರ ಕಾರ್ಡನ್ನು ಸೋಮವಾರ ಬೆಳಿಗ್ಗೆ ಮೊದಲ ಕೆಲಸವಾಗಿ 'ರ' ಅವರೇ ರಿವ್ಯೂ ಮಾಡಿದರು. ಮಧ್ಯಾಹ್ನ ಊಟದ ಹೊತ್ತಿಗೆ ಅದು ಡನ್‌ನಲ್ಲಿತ್ತು, ಅವಳು ಅದರ ಶಾಟ್ ಕೂಡ ಕಳಿಸಿದಳು, ಈ ಸಲ ಡಾಕ್ಯುಮೆಂಟ್ ಆಗಿಯೇ.