ಇಂಟು, ಇಂಟು ಸೇರಿದರೆ ಏನು ಸಿಗುತ್ತದೆ? ಜನ–ದಿನ–ವಿಷಯ ಒಗಟಿನಲ್ಲಿ ನಾನು ಸಿಕ್ಕಿಕೊಂಡ ಹೆಜ್ಜೆ

ಯಾರು, ಯಾವ ದಿನ, ಯಾವ ವಿಷಯ ಎಂದು ಕೇಳುವ ಒಗಟುಗಳನ್ನು ಮೂರು ವಾರದಿಂದ ಬಿಡಿಸುತ್ತಿದ್ದೇನೆ. ಎಲ್ಲವೂ ಒಂದೇ ಜಾಗದಲ್ಲಿ ನಿಂತುಹೋಗುತ್ತಿದ್ದವು. ನಿನ್ನೆ ರಾತ್ರಿ ಆ ಜಾಗ ಯಾವುದು ಅಂತ ಗೊತ್ತಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ, ನಿಮಗೂ ಅದೇ ಜಾಗದಲ್ಲಿ ತೊಡಕಾಗುತ್ತಿದ್ದರೆ ಉಪಯೋಗಕ್ಕೆ ಬರಲಿ.

ಮೊದಲು ಒಗಟು. ಈ ಟಿಪ್ಪಣಿಗೋಸ್ಕರ ನಾನೇ ಕಟ್ಟಿದ್ದು.

ಅನು, ಭಾನು, ಚಂದ್ರು, ದೀಪಾ, ಈಶ್ವರ ಐದು ಮಂದಿ ಶಿಕ್ಷಕರು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಬ್ಬರ ತರಗತಿ. ವಿಷಯಗಳು ಗಣಿತ, ವಿಜ್ಞಾನ, ಇತಿಹಾಸ, ಭೂಗೋಳ, ಚಿತ್ರಕಲೆ. ಒಬ್ಬರಿಗೆ ಒಂದೇ ವಿಷಯ.

1. ಅನು ತರಗತಿಯ ಮಾರನೇ ದಿನವೇ ವಿಜ್ಞಾನ.
2. ಭಾನು ಗಣಿತ, ಇತಿಹಾಸ, ವಿಜ್ಞಾನ ಮೂರನ್ನೂ ಕಲಿಸುವುದಿಲ್ಲ.
3. ಅನು, ಚಂದ್ರು ಇಬ್ಬರ ತರಗತಿಯೂ ಬುಧವಾರಕ್ಕೆ ಮುಂಚೆಯೇ ಮುಗಿಯುತ್ತದೆ.
4. ದೀಪಾ ತರಗತಿ ಇತಿಹಾಸಕ್ಕಿಂತ ಮುಂಚೆ.
5. ಗಣಿತ, ಇತಿಹಾಸ ಎರಡೂ ಬುಧವಾರ ಆದಮೇಲೆ.
6. ಅನು ಭೂಗೋಳ ಕಲಿಸುವುದಿಲ್ಲ.

ಕೋಷ್ಟಕ ಎಂದಿನ ಹಾಗೆ. ಮೇಲೆ ಅಡ್ಡಕ್ಕೆ ಐದು ದಿನ, ಅದರ ಪಕ್ಕ ಐದು ವಿಷಯ. ಎಡಗಡೆ ಐದು ಹೆಸರು, ಆ ಹೆಸರುಗಳ ಕೆಳಗೆ ಮತ್ತೆ ಐದು ವಿಷಯ, ಆದರೆ ಇವು ದಿನಗಳ ಕೆಳಗೆ ಮಾತ್ರ. ಅಂದರೆ ಮೂರು ಭಾಗ, ಒಟ್ಟು 75 ಮನೆ. ಆಗುವುದಿಲ್ಲ ಅಂದರೆ ಇಂಟು, ಖಚಿತ ಅಂದರೆ ರೈಟ್.

ಸುಳಿವುಗಳನ್ನು ಒಂದೊಂದಾಗಿ ತುಂಬುವುದು ಸುಲಭ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. 'ಮುಂಚೆ', 'ಮಾರನೇ ದಿನ' ಅಂತ ಬಂದಲ್ಲೆಲ್ಲ ದಿನದ ಇಂಟುಗಳ ಜೊತೆ ಇನ್ನೊಂದು ಇಂಟು ಅಡಗಿರುತ್ತದೆ. ಅನು ತರಗತಿಯ ಮಾರನೇ ದಿನ ವಿಜ್ಞಾನ ಇದ್ದರೆ, ಅನು ವಿಜ್ಞಾನ ಕಲಿಸುವವರಲ್ಲ. ದೀಪಾ ಇತಿಹಾಸಕ್ಕಿಂತ ಮುಂಚೆ ಬಂದರೆ, ದೀಪಾ ಇತಿಹಾಸದವರಲ್ಲ. ಸುಳಿವಿನಲ್ಲಿ ಹೀಗಂತ ಬಾಯಿಬಿಟ್ಟು ಹೇಳಿರುವುದಿಲ್ಲ. ಅದಕ್ಕೇ ಬಿಟ್ಟುಹೋಗುತ್ತದೆ.

ಅನು, ಚಂದ್ರು ಇಬ್ಬರಿಗೂ ಸೋಮ, ಮಂಗಳ ಎರಡೇ ದಿನ. ಹಾಗಾಗಿ ಆ ಎರಡು ದಿನ ಬೇರೆ ಯಾರಿಗೂ ಸಿಗುವುದಿಲ್ಲ, ಉಳಿದ ಮೂವರು ಬುಧ, ಗುರು, ಶುಕ್ರಕ್ಕೆ ಹೋಗುತ್ತಾರೆ. ಕೆಳಗಿನ ಭಾಗದಲ್ಲೂ ಇದೇ ಲೆಕ್ಕ. ಗಣಿತ, ಇತಿಹಾಸ ಎರಡೂ ಗುರು, ಶುಕ್ರವನ್ನು ಹಿಡಿದುಕೊಂಡವು, ಉಳಿದ ಮೂರು ವಿಷಯ ಸೋಮ, ಮಂಗಳ, ಬುಧಕ್ಕೆ ಬಂದವು. ಮೊದಲ ಸುಳಿವಿನಿಂದ ವಿಜ್ಞಾನಕ್ಕೆ ಸೋಮವಾರ ಇಲ್ಲ. ನಾಲ್ಕನೆಯದರಿಂದ ದೀಪಾಗೆ ಶುಕ್ರವಾರ ಇಲ್ಲ.

ಈಗ ಖಾಲಿ ಉಳಿದ ಮನೆಗಳು ಹೀಗಿವೆ.

ಅನು: ಸೋಮ, ಮಂಗಳ
ಭಾನು: ಬುಧ, ಗುರು, ಶುಕ್ರ
ಚಂದ್ರು: ಸೋಮ, ಮಂಗಳ
ದೀಪಾ: ಬುಧ, ಗುರು
ಈಶ್ವರ: ಬುಧ, ಗುರು, ಶುಕ್ರ

ಗಣಿತ: ಗುರು, ಶುಕ್ರ
ಇತಿಹಾಸ: ಗುರು, ಶುಕ್ರ
ವಿಜ್ಞಾನ: ಮಂಗಳ, ಬುಧ
ಭೂಗೋಳ: ಸೋಮ, ಮಂಗಳ, ಬುಧ
ಚಿತ್ರಕಲೆ: ಸೋಮ, ಮಂಗಳ, ಬುಧ

ಆರೂ ಸುಳಿವು ಮುಗಿದವು. ಒಂದು ರೈಟ್ ಕೂಡ ಬಂದಿಲ್ಲ. ನಾನು ನಿಂತುಹೋಗುತ್ತಿದ್ದದ್ದು ಇಲ್ಲೇ.

ನಿಂತಾಗ ನಾನು ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ, ಯಾಕಂದರೆ ಆ ತಪ್ಪನ್ನು ಬಿಡಿಸಿ ನೋಡಿದಾಗಲೇ ದಾರಿ ಕಂಡದ್ದು. ಒಂದು ಭಾಗದ ಗುರುತನ್ನು ಇನ್ನೊಂದು ಭಾಗಕ್ಕೆ ದಾಟಿಸಬಹುದು ಅಂತ ಎಲ್ಲೋ ಓದಿದ್ದೆ. ಅದು ನಿಜ. ಭಾನುಗೆ ಭೂಗೋಳ ರೈಟ್, ಭೂಗೋಳಕ್ಕೆ ಸೋಮವಾರ ಇಂಟು ಅಂದರೆ, ಭಾನುಗೂ ಸೋಮವಾರ ಇಂಟು. ರೈಟ್ ಬಿದ್ದಮೇಲೆ ಭಾನು, ಭೂಗೋಳ ಎರಡೂ ಒಂದೇ ಸಾಲು ಇದ್ದ ಹಾಗೆ, ಒಂದರ ಇಂಟು ಇನ್ನೊಂದಕ್ಕೂ ಸೇರುತ್ತದೆ. ನಾನು ಇದನ್ನೇ ರೈಟ್ ಇಲ್ಲದ ಕಡೆಯೂ ಮಾಡುತ್ತಿದ್ದೆ. ಭಾನುಗೆ ಗಣಿತ ಇಂಟು, ಗಣಿತಕ್ಕೆ ಬುಧವಾರ ಇಂಟು, ಹಾಗಾಗಿ ಭಾನುಗೆ ಬುಧವಾರ ಇಂಟು ಅಂತ ಬರೆದುಬಿಡುತ್ತಿದ್ದೆ. ಬರೆಯುವಾಗ ಸರಿ ಅಂತಲೇ ಅನ್ನಿಸುತ್ತದೆ. ಆದರೆ ಭಾನುಗೂ ಗಣಿತಕ್ಕೂ ಸಂಬಂಧವೇ ಇಲ್ಲ ಅಂದಮೇಲೆ ಗಣಿತ ಬುಧವಾರ ಇದ್ದರೇನು, ಇಲ್ಲದಿದ್ದರೇನು, ಭಾನು ದಿನದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ ಅಲ್ವಾ? ಎರಡು ಇಂಟು ಸೇರಿದರೆ ಏನೂ ಸಿಗುವುದಿಲ್ಲ. ಈ ತಪ್ಪು ಇಂಟು ಹಾಕಿದರೆ ತಕ್ಷಣ ಗೊತ್ತಾಗುವುದೂ ಇಲ್ಲ. ಎಷ್ಟೋ ಹೆಜ್ಜೆ ಆದಮೇಲೆ ಭಾನು ಸಾಲಿನ ಐದೂ ದಿನಕ್ಕೆ ಇಂಟು ಬಿದ್ದಿರುತ್ತದೆ, ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇದು ತಪ್ಪು ಅಂತ ಗೊತ್ತಾದಮೇಲೆ ನಾನು ಇನ್ನೊಂದು ತುದಿಗೆ ಹೋದೆ. ರೈಟ್ ಇಲ್ಲದೆ ಯಾವ ಗುರುತನ್ನೂ ದಾಟಿಸಬಾರದು ಅಂದುಕೊಂಡೆ. ಅದೂ ಪೂರ್ತಿ ಸರಿಯಲ್ಲ. ಅದನ್ನೇ ಹಿಡಿದು ಕೂತರೆ ಈ ಒಗಟು ಇಲ್ಲಿಂದ ಮುಂದೆ ಹೋಗುವುದೇ ಇಲ್ಲ.

ಚಂದ್ರು ಸಾಲನ್ನೂ ಗಣಿತದ ಸಾಲನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿ. ಚಂದ್ರು ಗಣಿತದವರು ಅಂತ ಇಟ್ಟುಕೊಳ್ಳೋಣ. ಹಾಗಾದರೆ ಚಂದ್ರು ಬರುವ ದಿನವೇ ಗಣಿತದ ದಿನ. ಸೋಮವಾರ? ಗಣಿತಕ್ಕೆ ಆಗದು. ಮಂಗಳವಾರ? ಗಣಿತಕ್ಕೆ ಆಗದು. ಬುಧವಾರ ಇಬ್ಬರಿಗೂ ಆಗದು. ಗುರುವಾರ ಚಂದ್ರುಗೆ ಆಗದು, ಶುಕ್ರವಾರವೂ ಚಂದ್ರುಗೆ ಆಗದು. ಐದು ದಿನಗಳಲ್ಲಿ ಒಂದೂ ಉಳಿಯಲಿಲ್ಲ. ಹಾಗಾದರೆ ಚಂದ್ರು ಗಣಿತದವರಲ್ಲ. ಇಂಟು.

ಒಂದು ದಿನದ ಎರಡು ಇಂಟುಗಳಿಂದ ಏನೂ ಸಿಗುವುದಿಲ್ಲ. ಆದರೆ ಐದೂ ದಿನಗಳಲ್ಲಿ ಎರಡು ಸಾಲುಗಳ ಪೈಕಿ ಒಂದರಲ್ಲಾದರೂ ಇಂಟು ಇದ್ದರೆ, ಆ ಇಬ್ಬರೂ ಸೇರಲು ಜಾಗವೇ ಇರುವುದಿಲ್ಲ. ಮತ್ತೆ ಈ ಇಂಟು ಬೀಳುವುದು ದಿನದ ಮನೆಯಲ್ಲಲ್ಲ. ಅದು ಹೆಸರು–ವಿಷಯದ ಭಾಗದಲ್ಲಿ ಬೀಳುತ್ತದೆ. ನಾನು ಸದಾ ದಿನದ ಭಾಗವನ್ನೇ ನೋಡುತ್ತಾ ಕೂರುತ್ತಿದ್ದೆ, ಹಾಗಾಗಿ ಕಾಣಿಸುತ್ತಿರಲಿಲ್ಲ.

ಕೋಷ್ಟಕದ ಆಕಾರವೇ ಇಲ್ಲಿ ಸಹಾಯ ಮಾಡುತ್ತದೆ. ಹೆಸರಿನ ಸಾಲೂ ಅದರ ಕೆಳಗಿನ ವಿಷಯದ ಸಾಲೂ ಅದೇ ಐದು ದಿನಗಳ ಕೆಳಗೆ ಓಡುತ್ತವೆ. ಒಂದೊಂದು ದಿನದ ಕೆಳಗೂ ಕಣ್ಣನ್ನು ಮೇಲಿನಿಂದ ಕೆಳಕ್ಕೆ ಇಳಿಸಿ, ಎರಡೂ ಕಡೆ ಖಾಲಿ ಇರುವ ದಿನ ಇದೆಯಾ ಅಂತ ಕೇಳಿದರೆ ಸಾಕು. ಒಂದೇ ಒಂದು ದಿನ ಸಿಕ್ಕರೂ ಇಂಟು ಹಾಕುವ ಹಾಗಿಲ್ಲ, ಸುಮ್ನೆ ಬಿಟ್ಟು ಮುಂದೆ ಹೋಗಬೇಕು. ಭಾನುಗೂ ಭೂಗೋಳಕ್ಕೂ ಬುಧವಾರ ಎರಡೂ ಕಡೆ ಖಾಲಿ ಇದೆ, ಹಾಗಾಗಿ ಅಲ್ಲಿ ಏನೂ ಹೇಳಲಾಗದು. ಆದರೆ ಮುಂದೆ ಅವರಿಬ್ಬರಿಗೆ ರೈಟ್ ಬಿದ್ದರೆ ಅದು ಬುಧವಾರವೇ ಆಗಬೇಕು ಅಂತ ಪಕ್ಕದಲ್ಲಿ ಗುರುತು ಹಾಕಿಕೊಂಡೆ.

ಹೆಸರು–ವಿಷಯ ಒಟ್ಟು 25 ಜೋಡಿ. ಎಲ್ಲವನ್ನೂ ಹೀಗೆ ನೋಡುತ್ತಾ ಹೋದರೆ ತಲೆ ಕೆಡುತ್ತದೆ. ಅದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಅಡ್ಡದಾರಿ ಇದೆ. ಎರಡು ಸಾಲುಗಳ ಖಾಲಿ ಮನೆಗಳನ್ನು ಎಣಿಸಿ ಕೂಡಿ. ಮೊತ್ತ 5ಕ್ಕಿಂತ ಜಾಸ್ತಿ ಬಂದರೆ ನೋಡುವುದೇ ಬೇಡ. ಇರುವುದು ಐದೇ ದಿನ, ಆರು ಖಾಲಿ ಮನೆಗಳನ್ನು ಅದರಲ್ಲಿ ಹರಡಿದರೆ ಎಲ್ಲಾದರೂ ಒಂದು ದಿನ ಎರಡೂ ಸಾಲಿಗೆ ಸಿಕ್ಕೇ ಸಿಗುತ್ತದೆ. ಭಾನುಗೆ 3, ಚಿತ್ರಕಲೆಗೆ 3, ಮೊತ್ತ 6, ಬಿಟ್ಟುಬಿಡಿ. ಅನುಗೆ 2, ಗಣಿತಕ್ಕೆ 2, ಮೊತ್ತ 4, ಇದನ್ನು ನೋಡಿ. ಮೊತ್ತ 5 ಅಥವಾ ಕಡಿಮೆ ಬಂದ ಮಾತ್ರಕ್ಕೆ ಇಂಟು ಅಂತ ಅಲ್ಲ, ನೋಡಬೇಕಾದ ಜೋಡಿ ಅಂತ ಅಷ್ಟೇ. ಚಂದ್ರುಗೂ ವಿಜ್ಞಾನಕ್ಕೂ ಮೊತ್ತ 4 ಬರುತ್ತದೆ, ಆದರೆ ಮಂಗಳವಾರ ಎರಡಕ್ಕೂ ಖಾಲಿ ಇದೆ.

ಹೀಗೆ ನೋಡಿದಾಗ ಈ ಒಗಟಿನಲ್ಲಿ ಸಿಕ್ಕಿದ್ದು ನಾಲ್ಕೇ ಹೊಸ ಇಂಟು. ಅನು ಮತ್ತು ಚಂದ್ರು ಇಬ್ಬರಿಗೂ ಗಣಿತ ಇಲ್ಲ, ಇತಿಹಾಸ ಇಲ್ಲ.

ಆಮೇಲೆ ಎಲ್ಲವೂ ಸರಸರನೆ ಬಿಚ್ಚಿಕೊಂಡಿತು. ಅನುಗೆ ಗಣಿತ ಇಲ್ಲ, ಇತಿಹಾಸ ಇಲ್ಲ, ಭೂಗೋಳ ಇಲ್ಲ, ವಿಜ್ಞಾನವೂ ಇಲ್ಲ. ಈ ಕೊನೆಯದು ಮೊದಲ ಸುಳಿವಿನಲ್ಲಿ ಅಡಗಿದ್ದ ಇಂಟು, ಅದನ್ನು ಹಾಕದೆ ಬಿಟ್ಟಿದ್ದರೆ ಇಲ್ಲಿ ಮತ್ತೆ ನಿಲ್ಲುತ್ತಿದ್ದೆ. ಉಳಿದದ್ದು ಚಿತ್ರಕಲೆ, ಮೊದಲ ರೈಟ್. ಚಿತ್ರಕಲೆ ಹೋದಮೇಲೆ ಭಾನುಗೆ ಭೂಗೋಳ ಒಂದೇ. ಪಕ್ಕದಲ್ಲಿ ಗುರುತು ಹಾಕಿದ್ದು ಈಗ ಬಂತು, ಭಾನು ಬುಧವಾರ. ಬುಧವಾರ ಭೂಗೋಳಕ್ಕೆ ಹೋದಮೇಲೆ ವಿಜ್ಞಾನಕ್ಕೆ ಮಂಗಳವಾರ, ಅದರ ಹಿಂದಿನ ದಿನ ಅನು, ಅಂದರೆ ಸೋಮವಾರ. ಚಂದ್ರು ಮಂಗಳವಾರ, ವಿಜ್ಞಾನ. ದೀಪಾಗೆ ಬುಧವಾರ ತಪ್ಪಿದ್ದರಿಂದ ಗುರುವಾರ, ಇತಿಹಾಸ ಆಗದ್ದರಿಂದ ಗಣಿತ. ಈಶ್ವರ ಶುಕ್ರವಾರ, ಇತಿಹಾಸ. ನಾನು ತಪ್ಪಾಗಿ ಇಂಟು ಹಾಕುತ್ತಿದ್ದ ಭಾನು–ಬುಧವಾರದ ಮನೆಯೇ ಉತ್ತರದ ರೈಟ್ ಆಗಿತ್ತು ನೋಡಿ.

ಇನ್ನೊಂದು ವಿಷಯ ಇವತ್ತು ಬೆಳಗ್ಗೆ ಗಮನಿಸಿದೆ. ಇದೇ ಹೋಲಿಕೆಯನ್ನು ದಿನಗಳ ಬದಲು ವಿಷಯಗಳ ಮೂಲಕವೂ ಮಾಡಬಹುದು. ಆ ನಿಂತುಹೋದ ಜಾಗಕ್ಕೇ ಮತ್ತೆ ಹೋಗಿ. ಭಾನುಗೆ ಉಳಿದ ವಿಷಯಗಳು ಭೂಗೋಳ, ಚಿತ್ರಕಲೆ. ಗುರುವಾರಕ್ಕೆ ಉಳಿದ ವಿಷಯಗಳು ಗಣಿತ, ಇತಿಹಾಸ. ಎರಡಕ್ಕೂ ಸಾಮಾನ್ಯವಾದದ್ದು ಒಂದೂ ಇಲ್ಲ, ಹಾಗಾಗಿ ಭಾನುಗೆ ಗುರುವಾರ ಇಂಟು. ಶುಕ್ರವಾರಕ್ಕೂ ಅದೇ ಕಾರಣ. ಭಾನು ನೇರವಾಗಿ ಬುಧವಾರಕ್ಕೆ ಬಂದುಬಿಡುತ್ತಾರೆ. ಬುಧವಾರ ಭಾನು ಇದ್ದರೆ ಆ ದಿನ ವಿಜ್ಞಾನ ಇಲ್ಲ, ಹಾಗಾಗಿ ವಿಜ್ಞಾನ ಮಂಗಳವಾರ, ಅನು ಸೋಮವಾರ. ಅಲ್ಲಿಂದ ಒಗಟು ಪೂರ್ತಿ ಬಿಡಿಸಿಕೊಳ್ಳುತ್ತದೆ. ಕಷ್ಟ ಏನಂದರೆ ಕೋಷ್ಟಕದಲ್ಲಿ ಭಾನು ವಿಷಯಗಳು ಅಡ್ಡಕ್ಕೆ ಇರುತ್ತವೆ, ಗುರುವಾರದ ವಿಷಯಗಳು ಉದ್ದಕ್ಕೆ ಇರುತ್ತವೆ. ಎರಡನ್ನೂ ಒಟ್ಟಿಗೆ ನೋಡಲು ನನ್ನ ಕಣ್ಣಿಗೆ ಇನ್ನೂ ಅಭ್ಯಾಸ ಆಗಿಲ್ಲ. ಸದ್ಯಕ್ಕೆ ಪ್ರತಿ ದಿನದ ತಲೆಯ ಮೇಲೆ ಉಳಿದ ವಿಷಯಗಳ ಮೊದಲ ಅಕ್ಷರ ಸಣ್ಣದಾಗಿ ಬರೆದುಕೊಂಡು, ಅದನ್ನು ಹೆಸರಿನ ಸಾಲಿನ ಜೊತೆ ಹೋಲಿಸುತ್ತಿದ್ದೇನೆ.